ಜಗನ್ಮೋಹನ ಅರಮನೆಯ ಹುಡುಗರ ಪಾಠ

ಲಂಡನ್ನಿನಲ್ಲೋ ಟೋಕಿಯೋದಲ್ಲೋ ಒಂದು ಯೋಗ ಸ್ಟುಡಿಯೋದ ವೇಳಾಪಟ್ಟಿ ನೋಡಿದರೆ ಬೆಳಗಿನ ತರಗತಿಯ ಎದುರಿಗೆ ‘ಮೈಸೂರು’ ಎಂದು ಬರೆದಿರುವುದುಂಟು. ಅದು ಊರಿನ ಹೆಸರಾಗಿ ಅಲ್ಲಿ ನಿಂತಿಲ್ಲ. ಅದೊಂದು ಕಲಿಸುವ ಪದ್ಧತಿಯ ಹೆಸರು. ಆ ತರಗತಿಯಲ್ಲಿ ಗುರು ಎದುರಿಗೆ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿಕೊಡುವುದಿಲ್ಲ. ವಿದ್ಯಾರ್ಥಿಗಳು ಬಂದಬಂದಂತೆ ಚಾಪೆ ಹಾಸಿಕೊಂಡು ತಮಗೆ ಬಾಯಿಪಾಠವಾದ ಆಸನಗಳ ಸಾಲನ್ನು ತಮ್ಮ ಉಸಿರಿನ ಗತಿಯಲ್ಲಿ ತಾವೇ ಮಾಡಿಕೊಂಡು ಹೋಗುತ್ತಾರೆ. ಗುರು ಸುತ್ತ ಓಡಾಡುತ್ತ ಒಬ್ಬೊಬ್ಬರನ್ನೇ ತಿದ್ದುತ್ತಾರೆ. ಹಿಂದಿನ ಆಸನ ಕೈವಶವಾಗುವವರೆಗೆ ಮುಂದಿನದು ಸಿಗುವುದಿಲ್ಲ. ನಮ್ಮ ಊರಿನ ಹೆಸರು ಹೀಗೆ ಜಗತ್ತಿನ ಬಾಯಲ್ಲಿ ಒಂದು ಕಲಿಕೆಯ ಕ್ರಮಕ್ಕೆ ಅಂಟಿಕೊಂಡದ್ದು ಹೇಗೆ ಎಂಬುದರ ಹಿಂದೆ ಸುಮಾರು ತೊಂಬತ್ತು ವರ್ಷಗಳ ಕಥೆ ಇದೆ. ಅದು ಶುರುವಾಗುವುದು ಜಗನ್ಮೋಹನ ಅರಮನೆಯ ಒಂದು ಕೋಣೆಯಲ್ಲಿ, ಹದಿಹರೆಯದ ಹುಡುಗರ ಮುಂದೆ.

ಯೋಗ ಹಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಜಗತ್ತು ‘ಯೋಗ ಕ್ಲಾಸು’ ಎಂದು ಕರೆಯುವ ಒಂದೂವರೆ ಗಂಟೆಯ ಬೆವರಿನ ಕಾರ್ಯಕ್ರಮ ಅಷ್ಟು ಹಳೆಯದಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಆಸನವನ್ನು ನೇರವಾಗಿ ಕುರಿತ ಸೂತ್ರಗಳು ಮೂರೇ. ಸ್ಥಿರವಾಗಿಯೂ ಸುಖವಾಗಿಯೂ ಕೂರಬೇಕು ಎಂಬುದೇ ಅವುಗಳ ಸಾರ. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆ ವಿವರಿಸುವ ಆಸನಗಳು 15, ಹೆಚ್ಚಿನವು ಕುಳಿತು ಮಾಡುವಂಥವು. 1893ರಲ್ಲಿ ಶಿಕಾಗೋದಲ್ಲಿ ಮಾತಾಡಿ ಯೋಗವನ್ನು ಪಶ್ಚಿಮಕ್ಕೆ ಪರಿಚಯಿಸಿದ ವಿವೇಕಾನಂದರಿಗೆ ಹಠಯೋಗದ ದೇಹಸಾಧನೆಯಲ್ಲಿ ಆಸಕ್ತಿಯೇ ಇರಲಿಲ್ಲ. ಅವರು ಕೊಟ್ಟದ್ದು ಧ್ಯಾನದ, ಮನಸ್ಸಿನ ರಾಜಯೋಗ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆಸನವೇ ಮುಂದಕ್ಕೆ ಬಂದು ನಿಂತಿತು. ಆ ಪಲ್ಲಟ ನಡೆದ ಜಾಗಗಳಲ್ಲಿ ಲೋನಾವಳದ ಕೈವಲ್ಯಧಾಮವಿದೆ, ಮುಂಬಯಿಯ ಯೋಗ ಇನ್‌ಸ್ಟಿಟ್ಯೂಟ್ ಇದೆ, ಹೃಷೀಕೇಶದ ಶಿವಾನಂದರ ಆಶ್ರಮವಿದೆ. ಆದರೂ ಇಂದಿನ ತರಗತಿಗೆ ಆಕಾರ ಕೊಟ್ಟದ್ದರಲ್ಲಿ ಮೈಸೂರಿನ ಪಾಲು ದೊಡ್ಡದು.

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಸಂಸ್ಕೃತ ವಿದ್ವಾಂಸರು. ಶಾಸ್ತ್ರದಲ್ಲಿ ಗಟ್ಟಿಗರಾದರೂ ಹೊಟ್ಟೆಪಾಡಿಗಾಗಿ ಕೆಲಕಾಲ ಹಾಸನದ ಕಡೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡಿದವರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿಗೆ ಕರೆಸಿಕೊಂಡರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಕಲಿಯಲು ಬಂದವರಲ್ಲಿ ಹೆಚ್ಚಿನವರು ರಾಜಮನೆತನದ ನಂಟಿನ ಅರಸು ಹುಡುಗರು ಮತ್ತು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು.

ಈ ಒಂದು ಸಂಗತಿಯ ಮೇಲೆ ಮುಂದಿನದೆಲ್ಲ ನಿಂತಿದೆ ಎಂದು ನನಗೆ ಅನಿಸುತ್ತದೆ. ಎದುರಿಗಿದ್ದವರು ಕೈಕಾಲು ಸುಮ್ಮನಿರದ ಹುಡುಗರು. ಪದ್ಮಾಸನದಲ್ಲಿ ಕೂರಿಸಿ ಅರ್ಧ ಗಂಟೆ ಉಸಿರು ನೋಡಿಕೊಳ್ಳಿ ಎಂದರೆ ಕೇಳುವವರಲ್ಲ. ಅದರ ಮೇಲೆ ಯೋಗಪ್ರಚಾರ ಮಾಡಬೇಕೆಂಬ ಮಹಾರಾಜರ ಆಸೆ. ಕೃಷ್ಣಮಾಚಾರ್ಯರು ಹುಡುಗರನ್ನು ಕಟ್ಟಿಕೊಂಡು ಊರೂರಿಗೆ ಹೋಗಿ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ನೋಡಲು ಬಂದ ಜನ ಬೆರಗಾಗಬೇಕು, ಹುಡುಗರ ಮೈ ಬಳುಕಬೇಕು, ಒಂದು ಆಸನದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಿಡುವು ಕಾಣಬಾರದು. ಹೀಗೆ ಆಸನಗಳನ್ನು ಉಸಿರಿನ ಎಣಿಕೆಯಿಂದ ಒಂದಕ್ಕೊಂದು ಹೆಣೆಯುವ ಕ್ರಮ ಈ ಶಾಲೆಯಲ್ಲಿ ಬಲಿಯಿತು. ಅದಕ್ಕೆ ಅವರಿಟ್ಟ ಹೆಸರು ವಿನ್ಯಾಸ.

ಅದು ಕೆಲಸ ಮಾಡುವ ಬಗೆಯನ್ನು ಪಶ್ಚಿಮೋತ್ತಾನಾಸನದಲ್ಲೇ ನೋಡಬಹುದು. ನೆಲದ ಮೇಲೆ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗಿ ಪಾದ ಹಿಡಿಯುವ ಆಸನವಿದು, ನಮ್ಮ ಶಾಲೆಗಳಲ್ಲಿ ಎಲ್ಲರೂ ಮಾಡಿದ್ದೇವೆ. ಮೈಸೂರಿನ ಲೆಕ್ಕದಲ್ಲಿ ಇದಕ್ಕೆ 16 ವಿನ್ಯಾಸ, ಅಭ್ಯಾಸಿ ಶುರು ಮಾಡುವುದು ನಿಂತು. ಒಂದಕ್ಕೆ ಉಸಿರೆಳೆದು ಕೈ ಮೇಲೆ. ಎರಡಕ್ಕೆ ಉಸಿರು ಬಿಟ್ಟು ಮುಂದಕ್ಕೆ ಬಾಗುವುದು. ಮೂರಕ್ಕೆ ತಲೆ ಎತ್ತುವುದು. ನಾಲ್ಕಕ್ಕೆ ಹಿಂದಕ್ಕೆ ಜಿಗಿದು ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೆಲಕ್ಕೆ ಸಮಾನಾಂತರವಾಗಿ ಇಳಿಸುವುದು, ಅದೇ ಚತುರಂಗ. ಐದಕ್ಕೆ ಎದೆ ಎತ್ತಿ ಊರ್ಧ್ವಮುಖ ಶ್ವಾನಾಸನ, ಆರಕ್ಕೆ ಸೊಂಟ ಎತ್ತಿ ಅಧೋಮುಖ ಶ್ವಾನಾಸನ. ಏಳಕ್ಕೆ ಕೈಗಳ ನಡುವಿನಿಂದ ಕಾಲು ತೂರಿಸಿ ಕೂರುವುದು. ಎಂಟಕ್ಕೆ ಪಾದ ಹಿಡಿದು ತಲೆ ಎತ್ತುವುದು. ಒಂಬತ್ತಕ್ಕೆ, ಉಸಿರು ಬಿಡುತ್ತ, ಬಾಗುವುದು. ಆಸನ ಎಂದು ನಾವು ಕರೆಯುವುದು ಈ ಒಂಬತ್ತನೆಯದನ್ನು ಮಾತ್ರ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ಹೋಗಿ ಮತ್ತೆ ನಿಲ್ಲಬೇಕು. ಒಂದು ಆಸನಕ್ಕೆ ಹದಿನಾರು ಚಲನೆ, ಅದರಲ್ಲಿ ಹದಿನೈದು ದಾರಿ.

ಕೃಷ್ಣಮಾಚಾರ್ಯರ ಯೋಗ ಮಕರಂದ 1934ರಲ್ಲಿ ಅಚ್ಚಾಯಿತು. ಅದು ಕನ್ನಡದ ಪುಸ್ತಕ. 1941ರಲ್ಲಿ ಬಂದ ಯೋಗಾಸನಗಳು ಕೂಡ ಕನ್ನಡದ್ದೇ. ಅದರಲ್ಲಿ ಆಸನಗಳನ್ನು ಪ್ರಾಥಮಿಕ, ಮಧ್ಯಮ, ಪ್ರವೀಣ ಎಂದು ಮೂರು ಗುಂಪು ಮಾಡಿ, ಪ್ರತಿಯೊಂದಕ್ಕೂ ಎಷ್ಟು ವಿನ್ಯಾಸ ಎಂದು ಕೋಷ್ಟಕ ಹಾಕಿದ್ದಾರೆ. ಇಂದು ಜಗತ್ತಿನಾದ್ಯಂತ ಕಲಿಸುವ ಅಷ್ಟಾಂಗ ವಿನ್ಯಾಸದ ಮೂಲ ನಕ್ಷೆ ಹೀಗೆ ಮೊದಲು ಅಚ್ಚಾದದ್ದು ನಮ್ಮ ಲಿಪಿಯಲ್ಲಿ. ಆ ಕಾಲದ ಚಿತ್ರಗಳಲ್ಲಿ ಅವರ ಪತ್ನಿ ನಾಮಗಿರಿಯಮ್ಮನವರೂ ಆಸನ ಹಾಕಿದ್ದಾರೆ. 1938ರ ಮೂಕಚಿತ್ರವೊಂದರಲ್ಲಿ ಗಂಡ, ಹೆಂಡತಿ, ಮಕ್ಕಳೆಲ್ಲ ಆಸನ ಮಾಡುವುದನ್ನು ಈಗಲೂ ನೋಡಬಹುದು. ಶಿಷ್ಯರ ಹೆಸರು ಹೇಳುವ ಚರಿತ್ರೆ ಆ ತಾಯಿಯ ಹೆಸರನ್ನು ಮರೆಯುತ್ತದೆ, ಹಾಗಾಗಬಾರದು.

ಈ ಕ್ರಮ ಕೃಷ್ಣಮಾಚಾರ್ಯರಿಗೆ ಎಲ್ಲಿಂದ ಬಂತು? ಅವರು ಹೇಳುತ್ತಿದ್ದದ್ದು ತಮ್ಮ ಗುರು ರಾಮಮೋಹನ ಬ್ರಹ್ಮಚಾರಿಗಳಿಂದ ಎಂದು. ಯೋಗ ಕುರುಂಟ ಎಂಬ ಗ್ರಂಥದ ಹೆಸರನ್ನೂ ಶಿಷ್ಯರು ಹೇಳುತ್ತಾರೆ. ಅದರ ಪ್ರತಿಯನ್ನು ಇರುವೆ ತಿಂದುಹಾಕಿತಂತೆ. ಇತಿಹಾಸಕಾರರು ಬೇರೆ ಕಡೆಗೂ ಬೆರಳು ತೋರಿದರು. 1996ರಲ್ಲಿ ನಾರ್ಮನ್ ಶೋಮನ್ ಎಂಬ ವಿದ್ವಾಂಸರು ಮೈಸೂರು ಅರಮನೆಯ ಯೋಗಪರಂಪರೆಯ ಮೇಲೆ ಒಂದು ಪುಸ್ತಕ ತಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ, ಅವುಗಳಲ್ಲಿ ಹಗ್ಗ ಹಿಡಿದು ಮಾಡುವ ಆಸನಗಳೂ ಇವೆ ಎಂಬುದನ್ನು ಅವರು ಜಗತ್ತಿನ ಮುಂದಿಟ್ಟರು. ಮೈಸೂರಿನ ವ್ಯಾಯಾಮ ದೀಪಿಕೆ ಎಂಬ 1896ರ ಪುಸ್ತಕದ ಕಸರತ್ತುಗಳೂ ವಿನ್ಯಾಸದ ಜಿಗಿತಗಳೂ ಹೋಲುವುದನ್ನು ತೋರಿಸಿದರು. ಆಮೇಲೆ ಮಾರ್ಕ್ ಸಿಂಗಲ್ಟನ್ ಅವರು ಆ ಕಾಲದಲ್ಲಿ ಭಾರತದ ಶಾಲೆಗಳಿಗೆ ಹಬ್ಬಿದ್ದ ಯುರೋಪಿನ ಡ್ರಿಲ್ಲು, ಜಿಮ್ನಾಸ್ಟಿಕ್ಸುಗಳ ಪ್ರಭಾವದತ್ತ ಗಮನ ಸೆಳೆದರು.

ಅರಮನೆಯೊಳಗೇ ಅದಕ್ಕೆ ಸಾಕ್ಷಿ ಇತ್ತು. ಬೆಂಗಳೂರಿನ ಹೆಸರಾಂತ ಮೈಕಟ್ಟುಗಾರ ಕೆ.ವಿ. ಅಯ್ಯರ್, ಕನ್ನಡಿಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರಾಗಿ ಹೆಚ್ಚು ಗೊತ್ತಿರುವವರು, ಅರಮನೆಗೆ ಬೇಕಾದವರಾಗಿದ್ದರು. ಯೋಗಶಾಲೆಯ ಪಕ್ಕದಲ್ಲೇ ಅವರ ಶಿಷ್ಯರೊಬ್ಬರು ಅಂಗಸಾಧನೆ ಹೇಳಿಕೊಡುತ್ತಿದ್ದರು. ಸೂರ್ಯನಮಸ್ಕಾರ ಆಗ ವ್ಯಾಯಾಮದ ಪಾಠ. ಔಂಧ್ ಸಂಸ್ಥಾನದ ರಾಜರು ಅದನ್ನು ಮನೆಮನೆಯ ಕಸರತ್ತಾಗಿ ಪ್ರಚಾರ ಮಾಡಿದ್ದರು. ಮೈಸೂರು ಅರಮನೆಯಲ್ಲೂ ಆಸನದ ತರಗತಿ ಬೇರೆ, ನಮಸ್ಕಾರದ ತರಗತಿ ಬೇರೆ. ಇಂದು ಸೂರ್ಯನಮಸ್ಕಾರವಿಲ್ಲದ ಯೋಗ ಕ್ಲಾಸನ್ನು ಊಹಿಸುವುದೇ ಕಷ್ಟ.

ಹಾಗೆಂದು ಎಲ್ಲವೂ ಜಿಮ್ನಾಸ್ಟಿಕ್ಸಿನಿಂದ ಬಂದ ಸಾಲ ಎಂದು ತೀರ್ಪು ಕೊಡುವುದು ತಪ್ಪು. ಹಠಾಭ್ಯಾಸಪದ್ಧತಿ ಎಂಬ ಹದಿನೆಂಟನೆಯ ಶತಮಾನದ ಸಂಸ್ಕೃತ ಗ್ರಂಥವನ್ನು ಜೇಸನ್ ಬರ್ಚ್ ಮತ್ತು ಅದೇ ಸಿಂಗಲ್ಟನ್ ಒಟ್ಟಿಗೆ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಅದನ್ನು ಬರೆದವನು ಕಪಾಲ ಕುರಂಟಕ. ಅದರಲ್ಲಿ ನೂರಕ್ಕೂ ಹೆಚ್ಚು ಆಸನಗಳಿವೆ. ಹಲವು ಚಲಿಸುತ್ತ ಮಾಡುವಂಥವು, ಕೆಲವು ಗೋಡೆಗೆ ಆತು ಅಥವಾ ಹಗ್ಗ ಹಿಡಿದು ಮಾಡುವಂಥವು. ಶ್ರೀತತ್ತ್ವನಿಧಿಯ ಆಸನಗಳಿಗೆ ಆಧಾರ ಇದೇ ಪರಂಪರೆ ಎಂದು ಅವರಿಬ್ಬರು ತೋರಿಸಿದರು. ಕುರಂಟಕ ಎಂಬ ಹೆಸರನ್ನೂ ಇರುವೆ ತಿಂದ ಕುರುಂಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ. ಕೃಷ್ಣಮಾಚಾರ್ಯರು ಹಳೆಯದನ್ನು ಹೊಂದಿಸಿ, ಸುತ್ತಲಿನ ವ್ಯಾಯಾಮದಿಂದ ಬೇಕಾದ್ದನ್ನು ತೆಗೆದುಕೊಂಡು, ತಮ್ಮ ಎದುರಿಗಿದ್ದ ಹುಡುಗರಿಗೆ ತಕ್ಕಂತೆ ಕಟ್ಟಿದರು ಎಂಬುದೇ ಸದ್ಯದ ಸಾಕ್ಷ್ಯಕ್ಕೆ ಹತ್ತಿರದ ಮಾತು.

ಆ ಕೋಣೆಯಿಂದ ಹೊರಗೆ ಹೋದವರು ಮೂವರು. ಮೊದಲನೆಯವರು ರೀಗಾದಲ್ಲಿ ಹುಟ್ಟಿದ ಯೂಜೀನಿ ಪೀಟರ್ಸನ್, ಭಾರತದಲ್ಲಿ ಇಂದ್ರಾದೇವಿ ಎಂದು ಹೆಸರಿಟ್ಟುಕೊಂಡು ಸಿನಿಮಾದಲ್ಲಿ ನಟಿಸಿದ್ದವರು, ರಾಯಭಾರ ಕಚೇರಿಯ ಅಧಿಕಾರಿಯೊಬ್ಬರ ಹೆಂಡತಿ. ಹೆಂಗಸು, ಮೇಲಾಗಿ ವಿದೇಶೀಯಳು ಎಂದು ಕೃಷ್ಣಮಾಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡು ಕಟ್ಟುನಿಟ್ಟಿನ ಪಥ್ಯ ಹಾಕಿದರು. 1947ರಲ್ಲಿ ಆಕೆ ಹಾಲಿವುಡ್ಡಿನಲ್ಲಿ ಯೋಗ ಸ್ಟುಡಿಯೋ ತೆರೆದರು. ಗ್ಲೋರಿಯಾ ಸ್ವಾನ್ಸನ್‌ರಂಥ ತಾರೆಯರು ಶಿಷ್ಯರಾದರು. 1953ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಫಾರೆವರ್ ಯಂಗ್, ಫಾರೆವರ್ ಹೆಲ್ದಿ’. ಎಂದೆಂದಿಗೂ ಯೌವನ, ಎಂದೆಂದಿಗೂ ಆರೋಗ್ಯ ಎಂಬ ಭರವಸೆ ಮುಖಪುಟಕ್ಕೆ ಬಂದದ್ದು ಆಗ. ಮೈಸೂರಿನ ಜಿಗಿತಗಳನ್ನು ಆಕೆ ಬಿಟ್ಟರು. ಎದುರಿಗಿದ್ದವರು ಚಿತ್ರನಟಿಯರು, ಗೃಹಿಣಿಯರು. ಅವರಿಗೆ ಬೇಕಾಗಿದ್ದದ್ದು ಮೃದುವಾದ ಆಸನ, ಉಸಿರಾಟ ಮತ್ತು ನಿದ್ದೆ.

ಎರಡನೆಯವರು ಕೋಲಾರ ಜಿಲ್ಲೆಯ ಬೆಳ್ಳೂರಿನ ಸುಂದರರಾಜ ಅಯ್ಯಂಗಾರ್, ನಾಮಗಿರಿಯಮ್ಮನವರ ತಮ್ಮ. ರೋಗಗಳಿಂದ ಬಡಕಲಾಗಿದ್ದ ಹುಡುಗ ಅಕ್ಕನ ಮನೆಗೆ ಬಂದ. ಒಮ್ಮೆ ಸಭೆಯ ಮುಂದೆ, ಎಂದೂ ಅಭ್ಯಾಸ ಮಾಡದ ಹನುಮಾನಾಸನವನ್ನು ಮಾಡು ಎಂದು ಭಾವ ಆಜ್ಞೆ ಮಾಡಿದರು. ಮಾಡಿದ್ದಾಯಿತು, ತೊಡೆಯ ಹಿಂದಿನ ಸ್ನಾಯು ಹರಿಯಿತು, ಬಹಳ ಕಾಲ ನಡೆಯುವುದೇ ಕಷ್ಟವಾಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಕಲಿಸಲು ಹೋದ ಅಯ್ಯಂಗಾರರು ವೇಗವನ್ನು ಬಿಟ್ಟರು. ಒಂದು ಆಸನದಲ್ಲಿ ನಿಧಾನವಾಗಿ ನಿಂತು ಪಾದ, ಮಂಡಿ, ಸೊಂಟ ಎಲ್ಲಿರಬೇಕೆಂದು ಕೂದಲು ಸೀಳಿದಂತೆ ನೋಡುವುದು ಅವರ ದಾರಿಯಾಯಿತು. ಬಗ್ಗಲಾಗದವರಿಗೆ ಇಟ್ಟಿಗೆಯಾಕಾರದ ಮರದ ತುಂಡು, ಬೆಲ್ಟು, ಕುರ್ಚಿ, ಹಗ್ಗ ಕೊಟ್ಟರು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಬೊಂಬಾಯಿಯಲ್ಲಿ ಅವರನ್ನು ಕಂಡರು, ಎರಡು ವರ್ಷದಲ್ಲಿ ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. 1966ರ ‘ಲೈಟ್ ಆನ್ ಯೋಗ’ದಲ್ಲಿ 200 ಆಸನಗಳಿವೆ, ಆರುನೂರರಷ್ಟು ಫೋಟೋಗಳಿವೆ. ಗುರುವಿನ ಮನೆಯಲ್ಲಿ ಇದ್ದು ಕಲಿಯಬೇಕಿದ್ದುದನ್ನು ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯಬಹುದು ಎಂಬುದು ಆ ಪುಸ್ತಕದಿಂದ ಸಾಧ್ಯವಾಯಿತು.

ಮೂರನೆಯವರು ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು. ಹನ್ನೆರಡರ ಹುಡುಗನಾಗಿದ್ದಾಗ, 1927ರಲ್ಲಿ ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಮರುಳಾದವರು. ಸಂಸ್ಕೃತ ಕಾಲೇಜಿನಲ್ಲಿ ದಶಕಗಳ ಕಾಲ ಯೋಗ ಕಲಿಸಿದರು, ಲಕ್ಷ್ಮೀಪುರದ ಮನೆಯಲ್ಲಿ ಶಾಲೆ ನಡೆಸಿದರು. 1962ರಲ್ಲಿ ಪ್ರಕಟವಾದ ಅವರ ಯೋಗಮಾಲಾ ಕೂಡ ಕನ್ನಡದ್ದು. ಇಂಗ್ಲಿಷಿಗೆ ಬರಲು 1999 ಆಗಬೇಕಾಯಿತು. ಅವರು ಮಾತ್ರ ಹುಡುಗರ ಪಾಠವನ್ನು ಎಣಿಕೆ ಸಮೇತ ಹಾಗೆಯೇ ಉಳಿಸಿಕೊಂಡರು. 1970ರ ದಶಕದ ಆರಂಭದಲ್ಲಿ ಲಕ್ಷ್ಮೀಪುರಕ್ಕೆ ಬಂದ ಅಮೆರಿಕದ ಯುವಕರಿಗೆ ಬೇಕಾಗಿದ್ದದ್ದೂ ಅದೇ. ಇಪ್ಪತ್ತರ ಹರೆಯ, ದೇಹದಲ್ಲಿ ಕಸುವು, ಬೆವರಿನ ಹಸಿವು. 1975ರಲ್ಲಿ ಜೋಯಿಸರು ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಎಂಬ ಕಡಲತೀರದ ಊರಿಗೆ ಹೋದರು. ಅಲ್ಲಿಂದ ಬಿದ್ದ ಬೀಜವೇ 1990ರ ದಶಕದಲ್ಲಿ ‘ಪವರ್ ಯೋಗ’ವಾಗಿ, ‘ವಿನ್ಯಾಸ ಫ್ಲೋ’ ಆಗಿ ಜಿಮ್ಮುಗಳಿಗೆ ಹರಡಿತು. ಆದರೆ ದಾರಿಯಲ್ಲಿ ಒಂದು ಬದಲಾಯಿತು. ಮೈಸೂರಿನ ಆಸನಕ್ರಮ ಬದಲಾಗದು, ಹಿಂದಿನದು ಬಂದ ಮೇಲೆಯೇ ಮುಂದಿನದು. ವಾರಕ್ಕೊಮ್ಮೆ ದುಡ್ಡು ಕೊಟ್ಟು ಬರುವವರಿಗೆ ಅಷ್ಟು ತಾಳ್ಮೆ ಇಲ್ಲ. ಹಾಗಾಗಿ ಕ್ರಮ ಹೋಯಿತು, ಸಂಗೀತ ಬಂತು, ನಡುವಿನ ಚತುರಂಗ ಮಾತ್ರ ಉಳಿಯಿತು.

ಆ ಚತುರಂಗವೇ ತೊಂದರೆ ಕೊಡುವುದು. ಅಷ್ಟಾಂಗದ ಆರಂಭದಲ್ಲಿ ಸೂರ್ಯನಮಸ್ಕಾರದ ಮೊದಲ ಬಗೆ ಐದು ಸಲ, ಎರಡನೆಯ ಬಗೆ ಐದು ಸಲ ಮಾಡಿದರೆ, ಮೊದಲನೆಯದರಲ್ಲಿ ಒಂದೊಂದು, ಎರಡನೆಯದರಲ್ಲಿ ಮೂರು ಮೂರು ಎಂದು ಇಪ್ಪತ್ತು ಚತುರಂಗ ಆಗಿಹೋಗುತ್ತವೆ. ಆಸನಗಳು ಇನ್ನೂ ಶುರುವಾಗಿಲ್ಲ. ಕಂಪ್ಯೂಟರ್ ಮುಂದೆ ಭುಜ ಮುಂದಕ್ಕೆ ಬಿದ್ದಿರುವ ನಲವತ್ತರ ಗೃಹಸ್ಥ ಇದನ್ನು ಆಯಾಸದಲ್ಲಿ ಮಾಡಿದಾಗ ಮೊಣಕೈ ಅಗಲವಾಗಿ, ಭುಜ ಮೊಣಕೈಗಿಂತ ಕೆಳಕ್ಕೆ ಜಾರುತ್ತದೆ. ಭುಜದ ಮುಂಭಾಗದಲ್ಲಿ ನೋವು ಕಾಣಿಸಿದರೆ ಅದೇ ಎಚ್ಚರಿಕೆ. ಮಂಡಿ ನೆಲಕ್ಕೆ ಊರಿ ಇಳಿಯಬೇಕು, ಅಥವಾ ಆ ಹೆಜ್ಜೆಯನ್ನೇ ಬಿಡಬೇಕು. ಇನ್ನೊಂದು ಸಾಮಾನ್ಯ ತೊಂದರೆ ಪೃಷ್ಠದ ಕೆಳಗೆ, ಕೂತಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರ. ಪಶ್ಚಿಮೋತ್ತಾನಾಸನದಲ್ಲಿ ತೊಡೆಯ ನಡುಭಾಗ ಎಳೆದರೆ ಅದು ಸ್ನಾಯು ಹಿಗ್ಗುತ್ತಿರುವುದು. ಆ ಮೂಳೆಗೇ ಚುಚ್ಚಿದಂತಾದರೆ, ಮರುದಿನ ಬಹಳ ಹೊತ್ತು ಕುಳಿತಾಗ ಅಲ್ಲೇ ನೋಯುತ್ತಿದ್ದರೆ, ಸ್ನಾಯು ಮೂಳೆಗೆ ಅಂಟುವ ಜಾಗಕ್ಕೆ ಪೆಟ್ಟಾಗಿದೆ ಎಂದು ಅನುಮಾನಿಸಬೇಕು. ಇನ್ನಷ್ಟು ಎಳೆದು ಸರಿಮಾಡಲು ಹೋದವರು ತಿಂಗಳುಗಟ್ಟಲೆ ನರಳುತ್ತಾರೆ. ಮಂಡಿ ಮಡಚಿ ಬಾಗುವುದು, ಕೆಲವು ವಾರ ಆಳದ ಬಾಗುವಿಕೆ ಬಿಡುವುದು, ನೋವು ಉಳಿದರೆ ವೈದ್ಯರಿಗೆ ತೋರಿಸುವುದೇ ದಾರಿ.

ನೋವು ಚಾಪೆಯ ಮೇಲಿನದಷ್ಟೇ ಅಲ್ಲ. ಮೈಸೂರು ಪದ್ಧತಿಯಲ್ಲಿ ಗುರುವಿನ ಕೈ ಶಿಷ್ಯರ ಮೈಮೇಲೆ ಬೀಳುತ್ತದೆ. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡ ಮೇಲೆ ಹಲವು ಶಿಷ್ಯೆಯರು, ತಿದ್ದುವ ನೆಪದಲ್ಲಿ ಅವರು ಅನುಚಿತವಾಗಿ ಮುಟ್ಟುತ್ತಿದ್ದರೆಂದು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸರು ಅಂಥದ್ದನ್ನು ತಾವೂ ಕಂಡಿದ್ದಾಗಿ ಒಪ್ಪಿ ಕ್ಷಮೆ ಕೇಳಿದರು. ಆಮೇಲೆ ಹಲವು ಸ್ಟುಡಿಯೋಗಳಲ್ಲಿ, ಮುಟ್ಟಬಹುದೇ ಎಂದು ಮೊದಲೇ ಕೇಳುವ ರೂಢಿ ಬಂತು. ಇದನ್ನು ಮುಚ್ಚಿಟ್ಟು ಮೈಸೂರಿನ ಹೆಮ್ಮೆಯನ್ನು ಮಾತ್ರ ಹೇಳುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ಯೋಗ ಸರಕಾದಾಗ ಅದರ ಒಡೆಯರು ಯಾರು ಎಂಬ ಪ್ರಶ್ನೆ ಕೋರ್ಟು ಹತ್ತಿತು. ಕಲ್ಕತ್ತೆಯಿಂದ ಹೋದ ಬಿಕ್ರಮ್ ಚೌಧರಿ, ಮೈಸೂರಿನ ನಂಟಿಲ್ಲದವರು, ಸುಮಾರು 40 ಡಿಗ್ರಿ ಕಾಯಿಸಿದ ಕೋಣೆಯಲ್ಲಿ 26 ಆಸನಗಳನ್ನು ಒಂದೇ ಕ್ರಮದಲ್ಲಿ ಮಾಡಿಸಿ, ಆ ಕ್ರಮಕ್ಕೆ ಕೃತಿಸ್ವಾಮ್ಯ ಕೇಳಿದರು. 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆರೋಗ್ಯಕ್ಕಾಗಿ ಮಾಡುವ ಚಲನೆಗಳ ಕ್ರಮ ಒಂದು ವಿಧಾನ, ಪುಸ್ತಕಕ್ಕೆ ಹಕ್ಕು ಸಿಗಬಹುದು, ವಿಧಾನಕ್ಕಿಲ್ಲ ಎಂದಿತು. ಆಸನವನ್ನು ಯಾರೂ ಬೇಲಿ ಹಾಕಿಕೊಳ್ಳಲಾಗದು ಎಂದಾದ ಮೇಲೆ ಮಾರುಕಟ್ಟೆಗೆ ಉಳಿದದ್ದು ಆಸನದ ಸುತ್ತಲಿನ ಸರಕು. ಚಾಪೆ, ಉಡುಪು, ಶಿಬಿರ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಪ್ರಮಾಣಪತ್ರ. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಯೋಗ ಅಲಯನ್ಸ್ 200 ಗಂಟೆಯ ಶಿಕ್ಷಕ ತರಬೇತಿಯನ್ನು ಅಳತೆಗೋಲು ಮಾಡಿತು. ಅದು ಸರ್ಕಾರದ ಪರವಾನಗಿಯಲ್ಲ, ಒಂದು ಖಾಸಗಿ ನೋಂದಣಿ. ಆದರೂ ಇಂದು ಹೃಷೀಕೇಶದಲ್ಲೂ ಮೈಸೂರಿನಲ್ಲೂ ಫಲಕಗಳ ಮೇಲೆ ಆ 200 ಕಾಣುತ್ತದೆ. ಆ ಕಡೆಯಿಂದ ಈ ಕಡೆಗೆ ಬಂದ ಅಳತೆ ಅದು.

ಇನ್ನೊಂದು ಮೊಕದ್ದಮೆ ಎನ್ಸಿನಿಟಾಸ್‌ನದೇ. ಜೋಯಿಸರ ಹೆಸರಿನ ಪ್ರತಿಷ್ಠಾನವೊಂದು ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಐದು ಲಕ್ಷ ಡಾಲರಿಗೂ ಮೀರಿದ ಅನುದಾನ ಕೊಟ್ಟು, ಮಕ್ಕಳಿಗೆ ವಾರಕ್ಕೆರಡು ಸಲ ಯೋಗಪಾಠ ಶುರುವಾಯಿತು. ಇದು ಹಿಂದೂ ಧರ್ಮವನ್ನು ಕಲಿಸುವುದು ಎಂದು ಪೋಷಕರು ದಾವೆ ಹೂಡಿದರು. ಶಾಲೆಯವರು ಸಂಸ್ಕೃತ ಹೆಸರುಗಳನ್ನು ತೆಗೆದುಹಾಕಿದ್ದರು. ಪದ್ಮಾಸನ ಅಲ್ಲಿ ‘ಕ್ರಿಸ್‌ಕ್ರಾಸ್ ಆಪಲ್‌ಸಾಸ್’ ಆಗಿತ್ತು, ಚಕ್ಕಳಮಕ್ಕಳಕ್ಕೆ ಅಲ್ಲಿನ ಮಕ್ಕಳ ಮಾತು. 2013ರಲ್ಲಿ ನ್ಯಾಯಾಧೀಶರು ಯೋಗದ ಬೇರಿನಲ್ಲಿ ಧರ್ಮವಿದೆ, ಆದರೆ ಈ ಶಾಲೆಗಳಲ್ಲಿ ಕಲಿಸುತ್ತಿರುವುದರಲ್ಲಿ ಇಲ್ಲ ಎಂದರು. 2015ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಗೆಲ್ಲಲು ಹೆಸರನ್ನೇ ಕಳಚಿಡಬೇಕಾಯಿತಲ್ಲ ಎಂದು ನನಗೆ ನೋವಾಗುತ್ತದೆ. ಆದರೂ ಆ ಸನ್ನಿವೇಶದಲ್ಲಿ ಹಳೆಯದೊಂದು ಮರಳಿ ಬಂದಿದೆ. ಒಂದು ಸಂಸ್ಥೆಯ ಹಣ, ಒಂದು ಕೋಣೆ, ಸುಮ್ಮನೆ ಕೂರದ ಮಕ್ಕಳು.

ಮೈಸೂರಿನ ಆ ಕೋಣೆ ಮಾತ್ರ ಬಹಳ ಕಾಲ ಉಳಿಯಲಿಲ್ಲ. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು, ಸ್ವಾತಂತ್ರ್ಯ ಬಂತು, ಅರಮನೆಯ ಆಸರೆ ಕರಗಿತು, 1950ರ ಹೊತ್ತಿಗೆ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಕೃಷ್ಣಮಾಚಾರ್ಯರು ಮದರಾಸಿಗೆ ಹೋದರು. ಅಲ್ಲಿ ಅವರ ಎದುರಿಗೆ ಬಂದವರು ಪಾರ್ಶ್ವವಾಯು ಬಡಿದವರು, ಸಕ್ಕರೆ ಕಾಯಿಲೆಯವರು, ಉಬ್ಬಸದವರು, ಬಸುರಿಯರು. ಅವರೊಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು, ನಾಡಿ ನೋಡಿ, ಒಬ್ಬರಿಗೆ ಎರಡೇ ಆಸನ, ಇನ್ನೊಬ್ಬರಿಗೆ ಕೈ ಎತ್ತುತ್ತ ದೀರ್ಘ ಉಸಿರಷ್ಟೇ ಎಂದು ಕಲಿಸಿದರು. ಜಿಗಿತವಿಲ್ಲ, ಹದಿನಾರರ ಎಣಿಕೆಯಿಲ್ಲ. ಮಗ ದೇಶಿಕಾಚಾರ್ ಆ ಪಾಠವನ್ನು ಮುಂದುವರಿಸಿದರು, ಅದಕ್ಕೂ ವಿದೇಶದಲ್ಲಿ ಶಿಷ್ಯರಿದ್ದಾರೆ. ಆದರೆ ಜಗತ್ತು ಕೊಂಡೊಯ್ದದ್ದು ಹೆಚ್ಚಾಗಿ ಹುಡುಗರ ಪಾಠವನ್ನು.

ತೊಂಬತ್ತಾರರ ವಯಸ್ಸಿನಲ್ಲಿ ಆಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದರು. ಹಾಸಿಗೆಯ ಮೇಲೆ ಮಲಗಿಯೇ ಮಾಡಬಹುದಾದ ಒಂದು ಅಭ್ಯಾಸಕ್ರಮವನ್ನು ತಮಗಾಗಿ ತಾವೇ ಕಟ್ಟಿಕೊಂಡು ದಿನವೂ ಮಾಡಿದರು.